ಬೂಷ್ಟು ತಿಂದ ಕೆನ್ನೆಗೆ ಬಣ್ಣ ಕೂಡಿಸುವುದು ಹೇಗೆ?

ಕೊಡಗಿನ ಮಳೆಗಾಲದಲ್ಲಿ ಗಾಜಿನ ಚೌಕಟ್ಟಿನೊಳಗೂ ತೇವ ಸೇರಿ ಹಳೇ ಫೋಟೊಗಳಿಗೆ ಬೂಷ್ಟು ಹಿಡಿಯುತ್ತದೆ. ಈಗ ಅದನ್ನು ಡಿಫ್ಯೂಷನ್ ಇನ್‌ಪೇಂಟಿಂಗ್‌ನಿಂದ, ಅಂದರೆ ಹಾಳಾದ ಜಾಗವನ್ನು ಎಐ ಮಾಡೆಲ್‌ನಿಂದ ಹೊಸದಾಗಿ ತುಂಬಿಸಿ, ಸರಿ ಮಾಡಲು ಹೊರಟವರು ಅಜ್ಜನ ಮುಖಕ್ಕೆ ಬೇರೆ ಯಾರದೋ ಕೆನ್ನೆ ಅಂಟಿಸಿಕೊಂಡು ಬರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಫೋಟೊ ತೆಗೆದುಕೊಳ್ಳೋಣ. ಐನ್‌ಮನೆಯ ಜಗಲಿ, ಕುಪ್ಯ-ಚೇಲೆ ತೊಟ್ಟ ಅಜ್ಜ. ಬೆಳಕು ಬರುತ್ತಿರುವುದು ಚಿತ್ರದ ಎಡದಿಂದ. ಕಲೆ ಇರುವುದು ನೆರಳಿನ ಕಡೆಯ ಕೆನ್ನೆಯಲ್ಲಿ.

ಸ್ಕ್ಯಾನ್ ಮಾಡಿ, AUTOMATIC1111 ಎಂಬ ಸ್ಟೇಬಲ್ ಡಿಫ್ಯೂಷನ್ ತಂತ್ರಾಂಶದಲ್ಲಿ ತೆರೆದು, ಕಲೆಯ ಮೇಲೆ ಮಾಸ್ಕ್ ಬಳಿಯಿರಿ. ಹೊಸದಾಗಿ ಬರೆಯಬೇಕಾದ ಜಾಗದ ಗುರುತೇ ಮಾಸ್ಕ್. ಕಲೆಗಿಂತ ಸ್ವಲ್ಪ ಅಗಲವೇ ಇರಲಿ.

ಕಷ್ಟ ಶುರುವಾಗುವುದು ಇಲ್ಲಿಂದ. ಮಾಡೆಲ್ ಮಾಸ್ಕ್ ಜಾಗದಲ್ಲಿ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು, ಅಂದರೆ ನಾಯ್ಸ್ ತುಂಬಿ, ಅದನ್ನು ಹಂತಹಂತವಾಗಿ ಕಳೆಯುತ್ತಾ ಚಿತ್ರ ತೆಗೆಯುತ್ತದೆ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಅದು ಅಳೆಯುವುದಿಲ್ಲ. ಸುತ್ತ ಕಂಡದ್ದನ್ನೂ ತಾನು ಕಲಿತ ಫೋಟೊಗಳನ್ನೂ ಸೇರಿಸಿ ಊಹಿಸುತ್ತದೆ. `Only masked` ಆರಿಸಿದರೆ ಮಾಸ್ಕ್ ಸುತ್ತಲಿನ ತುಂಡು ಮಾತ್ರ ಅದಕ್ಕೆ ಕಾಣುತ್ತದೆ. ಸುತ್ತ ಎಷ್ಟು ಕಾಣಬೇಕೆಂದು ಹೇಳುವ `Only masked padding` 32 ಪಿಕ್ಸೆಲ್‌ನಲ್ಲೇ ಇದ್ದರೆ ದೊಡ್ಡ ಸ್ಕ್ಯಾನ್‌ನಲ್ಲಿ ಎಡಗಡೆಯ ಬೆಳಕು ಆ ತುಂಡಿನೊಳಗೆ ಬರುವುದೇ ಇಲ್ಲ. ಆಗ ನೆರಳಿನ ಕೆನ್ನೆಯೂ ಸ್ಟುಡಿಯೋ ಲೈಟ್ ಬಿದ್ದ ಹಾಗೆ ಬೆಳ್ಳಗೆ, ನುಣ್ಣಗೆ ಬರುತ್ತದೆ. ಇಡೀ ಮುಖ ಒಳಗೆ ಬರುವ ತನಕ ಪ್ಯಾಡಿಂಗ್ ಹೆಚ್ಚಿಸಿ.

ಚರ್ಮದ ಬಣ್ಣವನ್ನು ಮಾಡೆಲ್‌ಗೆ ಬಿಡಲೇಬೇಡಿ. ಮಾಸ್ಕ್‌ಗೂ ಮೊದಲೇ ಫೋಟೊ ಎಡಿಟರ್‌ನಲ್ಲಿ, ಕಲೆಯ ಪಕ್ಕದಲ್ಲೇ, ನೆರಳಿರುವ ದವಡೆಯಿಂದ ಬಣ್ಣ ಎತ್ತಿಕೊಂಡು ಕಲೆಯ ಮೇಲೆ ಬ್ರಷ್‌ನಿಂದ ಒರಟಾಗಿ ಬಳಿಯಿರಿ. ಹಣೆಯ ಬಣ್ಣ ಬೇಡ, ಅಲ್ಲಿ ಬೆಳಕು ಜಾಸ್ತಿ. ಆಮೇಲೆ `Masked content` ಅನ್ನು `original` ಮಾಡಿ, `Denoising strength` 0.5ರ ಆಸುಪಾಸು ಇಡಿ. ಆಗ ನೀವು ಬಳಿದ ಬಣ್ಣದ ಮೇಲೆಯೇ ಅದು ಚರ್ಮ ಕಟ್ಟುತ್ತದೆ. 1ಕ್ಕೆ ಏರಿಸಿದರೆ ನೀವು ಬಳಿದದ್ದು ಅಳಿಸಿಹೋಗಿ ಊಹೆ ಮಾತ್ರ ಉಳಿಯುತ್ತದೆ.

ಒಂದೇ ಒತ್ತಿಗೆ ಮುಖ ಸರಿ ಮಾಡುವ ಮೊಬೈಲ್ ಆ್ಯಪ್‌ಗಳನ್ನು ಮುಟ್ಟಬೇಡಿ. ಕಲೆಯಿಲ್ಲದ ಕಣ್ಣು, ಮೂಗನ್ನೂ ಅವು ಹೊಸದಾಗಿ ಬರೆದುಬಿಡುತ್ತವೆ.

ಇನ್ನು ಅಂಚು. ಸ್ಟೇಬಲ್ ಡಿಫ್ಯೂಷನ್ ಕೆಲಸ ಮಾಡುವುದು ಕುಗ್ಗಿಸಿದ ಚಿತ್ರದ ಮೇಲೆ. ಅಲ್ಲಿ ಉದ್ದ 8, ಅಗಲ 8 ಪಿಕ್ಸೆಲ್‌ಗಳ ಚೌಕಕ್ಕೆ ಒಂದೇ ಮನೆ. ಮಾಸ್ಕ್ ಗೆರೆ ಆ ಮನೆಯ ನಡುವೆ ಹಾದರೆ ಅಂಚು ಒರಟಾಗುತ್ತದೆ. ಮತ್ತೆ ಹಿಗ್ಗಿಸುವಾಗ ಬಣ್ಣವೂ ಚೂರು ಸರಿಯುತ್ತದೆ. ಅದರ ಸುತ್ತ ಮೂಲ ಫೋಟೊ ಕೂಡಿಸಿದಾಗ ಹೊಲಿಗೆ ಎದ್ದು ಕಾಣುತ್ತದೆ. `Mask blur` 4 ಇದ್ದರೆ ದೊಡ್ಡ ಸ್ಕ್ಯಾನ್‌ಗೆ ಸಾಲದು, 12 ಇಟ್ಟು ನೋಡಿ. ಅಂಚನ್ನು ಮೂಗಿನ ಪಕ್ಕದ ಮಡಿಕೆಗೋ ದವಡೆಯ ನೆರಳಿಗೋ ಸೇರಿಸಿದರೆ ಹೊಲಿಗೆ ಅಲ್ಲೇ ಅಡಗುತ್ತದೆ.

ಕೊನೆಗೆ ಫೋಟೊವನ್ನು ಎರಡು ಪಟ್ಟು ದೊಡ್ಡದು ಮಾಡಿ ನೋಡಿ. ಹಳೇ ಫಿಲ್ಮಿನ ಕಾಳು ಕಾಳು ಗ್ರೇನ್ ಹೊಸ ಕೆನ್ನೆಯಲ್ಲಿ ಇರುವುದಿಲ್ಲ. ಎಡಿಟರ್‌ನಲ್ಲಿ ಆ ತೇಪೆಗೆ ಮಾತ್ರ, ದವಡೆಯ ಗ್ರೇನ್‌ಗೆ ಹೊಂದುವಷ್ಟು ಸೇರಿಸಿ.