ಡಯಾಗನಲ್ ಸರಿ ಇತ್ತು, ಗ್ರಿಡ್ ತಿರುಗಿತ್ತು

ವಿಜಯಪುರದ ಹೊರವಲಯದ ಒಂದು ಹಾಸ್ಟೆಲ್ ಕಟ್ಟಡ. ಪೂರ್ವ-ಪಶ್ಚಿಮ 30 ಮೀಟರ್, ಉತ್ತರ-ದಕ್ಷಿಣ 20 ಮೀಟರ್, ಐದೈದು ಮೀಟರಿಗೊಂದು ಕಾಲಂ. ಪಶ್ಚಿಮದಿಂದ ಪೂರ್ವಕ್ಕೆ ಎ ಯಿಂದ ಜಿ ವರೆಗೆ ಏಳು ಸಾಲು, ಸಾಲಿಗೆ ದಕ್ಷಿಣದಿಂದ ಉತ್ತರಕ್ಕೆ 1 ರಿಂದ 5, ಒಟ್ಟು 35. ಅಲ್ಲಿನ ಸರ್ವೇಯರ್ ನಾನು. ಮೇ ತಿಂಗಳಲ್ಲಿ ಮೂರು ಕಂಟ್ರೋಲ್ ಪಾಯಿಂಟ್, ಅಂದರೆ ಎಲ್ಲ ಅಳತೆಗೂ ಆಧಾರವಾಗುವ ಗುರುತು ಕಂಬ, ಹಾಕಿದ್ದೆ. ಸೈಟಿನ ನೈರುತ್ಯ ಮೂಲೆಯಲ್ಲಿ ಸಿಪಿ-1, ಅಲ್ಲಿಂದ ನೇರ ಪೂರ್ವಕ್ಕೆ 60 ಮೀಟರಿಗೆ ಸಿಪಿ-2, ನೇರ ಉತ್ತರಕ್ಕೆ 45 ಮೀಟರಿಗೆ ಸಿಪಿ-3. ಎರಡೂವರೆ ಅಡಿ ಗುಂಡಿ ತೋಡಿ ಕಾಂಕ್ರೀಟ್ ತುಂಬಿ, ನಡುವೆ ರಾಡ್ ನಿಲ್ಲಿಸಿ, ತುದಿಯಲ್ಲಿ ಪಂಚ್ ಗುರುತು ಹೊಡೆದಿದ್ದೆ. ಮಾಡಿದ್ದೆಲ್ಲ ಎರಿ ಭೂಮಿಯಲ್ಲಿ. ಆಗ ನೆಲದ ಬಿರುಕಿನೊಳಗೆ ಅಂಗೈ ಇಳಿಯುತ್ತಿತ್ತು.

ಮಳೆಗಿಂತ ಮೊದಲೇ ಎಲ್ಲ ಫುಟಿಂಗ್ ಮುಗಿದು, ಎ, ಬಿ, ಸಿ ಸಾಲುಗಳ ಸ್ಟಾರ್ಟರ್, ಅಂದರೆ ಕಾಲಂ ಬುಡದ ಗಿಡ್ಡ ಕಾಂಕ್ರೀಟ್ ತುಂಡುಗಳು ಕೂಡ ಆದವು. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಉಳಿದ ನಾಲ್ಕು ಸಾಲು ಗುರುತು ಮಾಡಲು ಹೋದೆ. ಕೋನ, ದೂರ ಎರಡೂ ಅಳೆಯುವ ಟೋಟಲ್ ಸ್ಟೇಷನ್ ಸಿಪಿ-1ರ ಮೇಲೆ, ದಿಕ್ಕು ಕೂರಿಸಲು ಬ್ಯಾಕ್‌ಸೈಟ್ ಸಿಪಿ-2ಕ್ಕೆ. ದೂರ 60.001 ಬಂತು. ಮೇನಲ್ಲಿ 60.000 ಇತ್ತು. ಒಂದು ಮಿಲಿಮೀಟರ್ ವ್ಯತ್ಯಾಸ ಅಳತೆಯ ಸಹಜ ಏರುಪೇರಿನೊಳಗೇ ಇರುತ್ತದೆ, ಹಾಗಾಗಿ ಮುಂದುವರಿದೆ. ಸಂಜೆ ಹೊಸ ಗುರುತುಗಳ ಡಯಾಗನಲ್ ಟೇಪಿನಲ್ಲಿ ಅಳೆದೆವು. ಡಿ-1 ರಿಂದ ಜಿ-5, ಜಿ-1 ರಿಂದ ಡಿ-5, ಎರಡೂ 25 ಮೀಟರ್ ಬಂದವು. ಮರುದಿನ ಡಿ ಸಾಲಿನ ಐದು ಸ್ಟಾರ್ಟರ್ ಹಾಕಿಸಿದರು.

ಅದರ ಮಾರನೆಯ ದಿನ ಹಿರಿಯ ಗೌಂಡಿ ಕರೆದರು. “ಸರ್ರ, ಸಿ ಸಾಲಿನಿಂದ ಡಿ ಸಾಲಿಗೆ ಆ ಕಡಿ ಎರಡ್ ಮಿಲಿ ಕಮ್ಮಿ ಐತಿ, ಈ ಕಡಿ ಆರ್ ಮಿಲಿ. ಒಂದ್ಸಲ ನೋಡ್ರಿ.”

“ಟೇಪ್ ಸಡ್ಲ ಹಿಡಿದಿರಬೇಕು ಕಾಕಾ,” ಅಂದೆ.

ಅವರು ವಾದಿಸಲಿಲ್ಲ. ಎ-1, ಬಿ-1, ಸಿ-1 ಮಧ್ಯಬಿಂದುಗಳ ಮೇಲೆ ದಾರ ಎಳೆದು ಅದನ್ನೇ ಡಿ-1ರ ತನಕ ಬಿಗಿಯಾಗಿ ಒಯ್ದರು. ದಾರ ಡಿ-1ರ ಮೊಳೆಯ ಮೇಲೆ ಬೀಳಬೇಕಿತ್ತು. ಮೊಳೆ ದಾರಕ್ಕಿಂತ ಐದು ಮಿಲಿಮೀಟರ್ ಉತ್ತರಕ್ಕೆ ಇತ್ತು. ಪೆನ್ಸಿಲ್ ದಪ್ಪಕ್ಕಿಂತ ಕಡಿಮೆ. ಆದರೆ ಟೇಪಿನ ತಪ್ಪು ದಾರವನ್ನು ಪಕ್ಕಕ್ಕೆ ಸರಿಸುವುದಿಲ್ಲ.

ಮತ್ತೆ ಸಿಪಿ-1ರ ಮೇಲೆ ನಿಂತೆ. ಈ ಸಲ ಸಿಪಿ-2 ಮತ್ತು ಸಿಪಿ-3ರ ನಡುವಿನ ಕೋನವನ್ನು, ದುರ್ಬೀನು ತಿರುಗಿಸಿ ಎರಡೂ ಫೇಸ್‌ನಲ್ಲಿ, ಮೂರು ಸುತ್ತು ಓದಿದೆ. ಮೇನಲ್ಲಿ ಸರಿಯಾಗಿ 90 ಡಿಗ್ರಿ ಇದ್ದದ್ದು ಈಗ 89° 59′ 19″. ನಲವತ್ತೊಂದು ಸೆಕೆಂಡ್ ಕಡಿಮೆ. ನನ್ನದು 2 ಸೆಕೆಂಡಿನ ಉಪಕರಣ. ಇಷ್ಟು ವ್ಯತ್ಯಾಸ ಅದರದಲ್ಲ.

ಆದರೆ ಕೋನವೊಂದೇ ಯಾವ ಕಂಬ ಸರಿದಿದೆ ಎಂದು ಹೇಳುವುದಿಲ್ಲ. ಸಿಪಿ-2 ಉತ್ತರಕ್ಕೆ 12 ಮಿ.ಮೀ. ಸರಿದರೂ, ಸಿಪಿ-3 ಪೂರ್ವಕ್ಕೆ 9 ಮಿ.ಮೀ. ಸರಿದರೂ ಅದೇ 41 ಸೆಕೆಂಡ್ ಬರುತ್ತದೆ. ಎರಡರಲ್ಲಿ ಯಾವುದೇ ಆದರೂ ಸರಿದದ್ದು ದೃಷ್ಟಿರೇಖೆಗೆ ಅಡ್ಡವಾಗಿ. ಹಾಗಾಗಿ ದೂರ ಬದಲಾಗುವುದಿಲ್ಲ. 60 ಮೀಟರಿನ ತುದಿ 12 ಮಿ.ಮೀ. ಅಡ್ಡ ಹೋದರೆ ದೂರ ಹೆಚ್ಚುವುದು ಒಂದು ಮಿ.ಮೀ.ನ ಸಾವಿರದಲ್ಲೊಂದು ಪಾಲಿನಷ್ಟು. ನಾನು ಬ್ಯಾಕ್‌ಸೈಟ್‌ನಲ್ಲಿ ದೂರ ಮಾತ್ರ ನೋಡಿ ನಂಬಿದ್ದೇ ತಪ್ಪು.

ಇಲ್ಲಿ ಕೈಹಿಡಿದದ್ದು ಗೋಳಗುಮ್ಮಟ. ಮೇನಲ್ಲಿ ಸಿಪಿ-1 ರಿಂದ ಅದರ ಒಂದು ಮೂಲೆ ಮಿನಾರಿನ ಕಿರುಗುಮ್ಮಟದ ತುದಿಗೂ ಕೋನ ಓದಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ನಮ್ಮ ಸೈಟಿನಿಂದ ಅದು ಎರಡು ಕಿಲೋಮೀಟರಿನಷ್ಟು ದೂರ. ಸಿಪಿ-1 ಐದು ಮಿ.ಮೀ. ಸರಿದರೂ ಆ ದಿಕ್ಕು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಷ್ಟೇ ಬದಲಾದೀತು. ಬಿಸಿಲೇರಿದರೆ ತುದಿ ನಡುಗುತ್ತದೆಂದು ಮರುದಿನ ಬೆಳಿಗ್ಗೆ ಏಳಕ್ಕೇ ಓದಿದೆ. ಮಿನಾರಿನಿಂದ ಸಿಪಿ-3ಕ್ಕೆ ಹಳೆಯ ಕೋನವೇ ಬಂತು, ನಾಲ್ಕು ಸೆಕೆಂಡ್ ವ್ಯತ್ಯಾಸ ಅಷ್ಟೆ. ಸಿಪಿ-2ಕ್ಕೆ 40 ಸೆಕೆಂಡ್ ತಪ್ಪಿತ್ತು. ಸಿಪಿ-3ರ ದೂರವೂ 45.000 ಇತ್ತು. ಅಂದರೆ ಸಿಪಿ-1 ಉತ್ತರ-ದಕ್ಷಿಣಕ್ಕೆ ಸರಿದಿಲ್ಲ. ಪೂರ್ವ-ಪಶ್ಚಿಮಕ್ಕೂ ಸರಿದಿಲ್ಲ ಎಂದು ಸಿಪಿ-2ರ ದೂರ ಹೇಳುತ್ತಿತ್ತು. ಸರಿದದ್ದು ಸಿಪಿ-2 ಒಂದೇ.

ಹೋಗಿ ನೋಡಿದರೆ ಅದರ ದಕ್ಷಿಣಕ್ಕೆ ರಸ್ತೆ ಬದಿಯ ಗಟಾರದಲ್ಲಿ ನೀರು ನಿಂತಿತ್ತು. ಆ ಕಡೆಯ ಎರಿ ಮಣ್ಣು ನೀರು ಕುಡಿದು ಉಬ್ಬಿ ಕಂಬವನ್ನು ಉತ್ತರಕ್ಕೆ ನೂಕಿತ್ತು. ಎರಡೂವರೆ ಅಡಿಯ ಕಂಬ ಪೂರ್ತಿ ಉಬ್ಬುವ ಮಣ್ಣಿನೊಳಗೇ ಇತ್ತು, ಕೆಳಗಿನ ಗರಸು ಮುಟ್ಟಿರಲಿಲ್ಲ.

ಈಗ ಸಿಪಿ-3 ಮತ್ತು ಮಿನಾರಿಗೆ ಓರಿಯಂಟ್ ಮಾಡಿ ಡಿ ಯಿಂದ ಜಿ ವರೆಗಿನ ಇಪ್ಪತ್ತೂ ಬಿಂದುಗಳನ್ನು ಓದಿದೆ. ಚಿಕ್ಕ ಪ್ರಿಸಂ ಬಳಸಿ, ಗುರುತಿನ ಮೇಲೆ ಆದಷ್ಟು ಕೆಳಗೆ ಹಿಡಿಸಿದೆ. ಎತ್ತರದ ಕೋಲು ಹಿಡಿದರೆ ಗುಳ್ಳೆಯ ತಪ್ಪೇ ಮೂರ್ನಾಲ್ಕು ಮಿ.ಮೀ. ತರುತ್ತದೆ. ಬಂದ ಅಂಕಿಗಳು, ಒಂದು ಮಿ.ಮೀ. ಆಚೀಚೆ: ಡಿ-1 ಪಶ್ಚಿಮಕ್ಕೆ 2, ಉತ್ತರಕ್ಕೆ 5. ಡಿ-5 ಪಶ್ಚಿಮಕ್ಕೆ 6, ಉತ್ತರಕ್ಕೆ 5. ಜಿ-1 ಪಶ್ಚಿಮಕ್ಕೆ 2, ಉತ್ತರಕ್ಕೆ 8. ಜಿ-5 ಪಶ್ಚಿಮಕ್ಕೆ 6, ಉತ್ತರಕ್ಕೆ 8.

ಡೀವಿಯೇಷನ್ ಪಟ್ಟಿಯಲ್ಲಿ ದೊಡ್ಡ ಅಂಕಿಯನ್ನಷ್ಟೇ ಹುಡುಕಬಾರದು, ಅಂಕಿಗಳು ಹೇಗೆ ಬೆಳೆಯುತ್ತವೆಂದು ನೋಡಬೇಕು. ಎಲ್ಲವೂ ಒಂದೇ ಕಡೆ ಒಂದೇ ಅಳತೆ ತಪ್ಪಿದ್ದರೆ ನಿಂತ ಸ್ಟೇಷನ್‌ನ ಅಂಕಿ ತಪ್ಪು. ಪ್ಲಸ್ ಮೈನಸ್ ಕಲಸಿ ಬಂದರೆ ಗುರುತು ಮಾಡಿದವರ ಕೈ ತಪ್ಪು. ಇಲ್ಲಿ ಪೂರ್ವಕ್ಕೆ ಹೋದಷ್ಟೂ ಉತ್ತರದ ತಪ್ಪು, ಉತ್ತರಕ್ಕೆ ಹೋದಷ್ಟೂ ಪಶ್ಚಿಮದ ತಪ್ಪು ಹೆಚ್ಚುತ್ತಿತ್ತು. ಇಡೀ ಗ್ರಿಡ್ ಸಿಪಿ-1ರ ಸುತ್ತ ತಿರುಗಿದಾಗ ಮಾತ್ರ ಹೀಗಾಗುತ್ತದೆ. ಜಿ ಸಾಲು ಸಿಪಿ-1 ರಿಂದ ಪೂರ್ವಕ್ಕೆ 40 ಮೀಟರ್, ಉತ್ತರಕ್ಕೆ ತಪ್ಪಿದ್ದು 8 ಮಿ.ಮೀ., ಒಂದು ರೇಡಿಯನ್‌ಗೆ 206265 ಸೆಕೆಂಡ್:

8 ÷ 40000 × 206265 = 41″

ಕೋನದಲ್ಲಿ ಕಂಡದ್ದೇ ಪಟ್ಟಿಯಲ್ಲೂ ಸಿಕ್ಕಿತು. ಡಯಾಗನಲ್ ಯಾಕೆ ಸರಿ ಬಂತೆಂಬುದಕ್ಕೂ ಇದೇ ಉತ್ತರ. ಚೌಕವನ್ನು ಹಾಗೇ ತಿರುಗಿಸಿದರೆ ಅದರೊಳಗಿನ ಯಾವ ಅಳತೆಯೂ ಬದಲಾಗುವುದಿಲ್ಲ. ಹಳೆಯ ಸಾಲಿನಿಂದ ಹೊಸ ಸಾಲಿಗೆ ಅಳೆದಾಗ ಮಾತ್ರ ಅದು ಕಾಣುತ್ತದೆ, ಗೌಂಡಿ ಅಳೆದದ್ದು ಅಲ್ಲೇ.

ಡ್ರಾಯಿಂಗ್‌ನಲ್ಲಿ ಸ್ಟಾರ್ಟರ್ ಮಧ್ಯಬಿಂದುವಿಗೆ ಪ್ರತಿ ದಿಕ್ಕಿಗೂ 5 ಮಿ.ಮೀ. ಮಿತಿ ಕೊಟ್ಟಿದ್ದರು. ಐಎಸ್ 456 ಕಾಲಂ ಅಡ್ಡಕೊಯ್ತದ ಅಳತೆಗೆ ಪ್ಲಸ್ 12, ಮೈನಸ್ 6 ಮಿ.ಮೀ. ಬಿಡುತ್ತದೆ ಎಂದು ಕಂಟ್ರಾಕ್ಟರ್ ಕಡೆಯವರು ವಾದಿಸಿದರು. ಅದು ಕಾಲಂನ ಗಾತ್ರಕ್ಕೆ ಕೊಟ್ಟ ಮಿತಿ, ಸ್ಥಾನಕ್ಕಲ್ಲ. ಇವೆರಡನ್ನು ಕಲಸುವುದು ಸೈಟಿನಲ್ಲಿ ಬಹಳ ಸಲ ಕಂಡಿದ್ದೇನೆ. ಕೊನೆಗೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿಗೆಯಂತೆ ಡಿ-5 ಸ್ಟಾರ್ಟರ್ ಒಡೆದು ಮತ್ತೆ ಹಾಕಿದೆವು, ಉಳಿದ ನಾಲ್ಕನ್ನು ಇಟ್ಟುಕೊಂಡು ಮೇಲಿನ ಸೆಂಟ್ರಿಂಗನ್ನು ನಿಜವಾದ ಗ್ರಿಡ್‌ಗೆ ಕೂರಿಸಿದೆವು. ಇ, ಎಫ್, ಜಿ ಗುರುತುಗಳನ್ನು ಅಳಿಸಿ ಹೊಸದಾಗಿ ಹೊಡೆದೆ.

ಅಂದಿನಿಂದ ನನ್ನ ವರದಿಯ ಮೊದಲ ಪುಟದಲ್ಲಿ ಕಾಲಂಗಳ ಅಂಕಿ ಇರುವುದಿಲ್ಲ. ಆ ದಿನ ಕಂಟ್ರೋಲ್ ಪಾಯಿಂಟ್‌ಗಳ ನಡುವೆ ಓದಿದ ದೂರ, ಕೋನ, ದೂರದ ಗುರುತಿನ ದಿಕ್ಕು, ಪಕ್ಕದಲ್ಲಿ ಹಳೆಯ ಅಂಕಿ, ಕೊನೆಯ ಮಳೆ ಯಾವಾಗ ಬಂತು ಎಂಬುದು ಇರುತ್ತದೆ. ಕೆಳಗೆ ನನ್ನ ಅಳತೆಯ ಮಿತಿ 2 ಮಿ.ಮೀ. ಎಂದೂ ಬರೆಯುತ್ತೇನೆ. 1 ಮಿ.ಮೀ. ತಪ್ಪಿಗೆ ಯಾರೂ ಗೌಂಡಿಯ ಮೇಲೆ ರೇಗುವಂತಾಗಬಾರದು.

ಹೊಸ ಸಿಪಿ-2ನ್ನು ಗಟಾರದಿಂದ ದೂರ ಹಾಕಿದೆ. ಅಗಲದ ಬೋರ್ ಹೊಡೆದು ಗರಸಿನೊಳಗೆ ಒಂದಡಿ ಇಳಿಸಿ, ಪಿವಿಸಿ ಪೈಪಿನೊಳಗೆ ರಾಡ್ ಸಮೇತ ಕಾಂಕ್ರೀಟ್ ತುಂಬಿಸಿದೆ. ಗರಸಿನ ಮೇಲೆ ಪೈಪಿಗೂ ಎರಿ ಮಣ್ಣಿಗೂ ನಡುವೆ ಸಡಿಲ ಉಸುಕು ಬಿಟ್ಟೆ, ಮಣ್ಣು ಉಬ್ಬಿದರೂ ಕಂಬವನ್ನು ಹಿಡಿಯದಿರಲೆಂದು. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಮಿನಾರಿನಿಂದ ಅದಕ್ಕೆ ಕೋನ ಓದಿದಾಗ ವ್ಯತ್ಯಾಸ ಮೂರು ಸೆಕೆಂಡ್ ಇತ್ತು.