ಹೋರಿ ಹಬ್ಬದ ವಿಡಿಯೊಗಳು ಮತ್ತು ಸಂಜೆ ನಾಲ್ಕರ ನಂತರದ ನನ್ನ ತೀರ್ಪು

ಜಾಲತಾಣಕ್ಕೆ ಜನ ಹಾಕಿದ ವಿಡಿಯೊಗಳನ್ನು ಉಳಿಸಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುವುದು ನನ್ನ ಕೆಲಸ. ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಪರಿಶೀಲನೆಗೆ ಕಾದಿರುವ ಕನ್ನಡ ವಿಡಿಯೊಗಳ ಕ್ಯೂ ತುಂಬಿಹೋಗುತ್ತದೆ. ಶಿಕಾರಿಪುರ, ಸೊರಬ, ಹಾವೇರಿ ಕಡೆಯ ಹೋರಿ ಬೆದರಿಸುವ ವಿಡಿಯೊಗಳು ಬರತೊಡಗುವುದು ಆಗಲೇ. ನಾಲ್ಕು ವರ್ಷಗಳ ಹಿಂದೆ ಇದೇ ವಿಡಿಯೊಗಳು ಸತತ ಮೂರು ತಿಂಗಳು ನನ್ನ ಇನ್ಸೆಂಟಿವ್ ಕಳೆದವು. ತಿಂಗಳಿಗೆ ಸುಮಾರು 3,000 ರೂಪಾಯಿ.

ಆದದ್ದು ಇಷ್ಟು. ಕೊರಳಿಗೆ ಕೊಬ್ಬರಿ ಕಟ್ಟಿದ ಹೋರಿಯೊಂದು ಜನರ ನಡುವೆ ಓಡುತ್ತದೆ, ಕೊಬ್ಬರಿ ಕೀಳಲು ಹೋದ ಹುಡುಗ ಬೀಳುತ್ತಾನೆ, ಎದ್ದು ಮಣ್ಣು ಕೊಡವಿಕೊಳ್ಳುತ್ತಾನೆ. ಬೆಳಿಗ್ಗೆ ಹತ್ತಕ್ಕೆ ನಾನು ಅದನ್ನು ಉಳಿಸಿದ್ದೆ. ಬೇರೊಬ್ಬರು ಅದಕ್ಕೇ ಹಾಡು ಸೇರಿಸಿ, ಚಿತ್ರವನ್ನು ಎಡಬಲ ತಿರುಗಿಸಿ ಹಾಕಿದ್ದರಿಂದ ಒಂದೇ ವಿಡಿಯೊ ಮತ್ತೆ ಬಂದರೆ ಗುರುತಿಸುವ ಹ್ಯಾಶ್ ಎಂಬ ಸಂಕೇತ ಹೊಂದದೆ ಸಂಜೆ ಐದಕ್ಕೆ ಹೊಸ ಕೆಲಸವಾಗಿ ನನಗೇ ಬಂತು. ಆಗ ಪ್ರಾಣಿ ಹಿಂಸೆ ಎಂದು ತೆಗೆದುಹಾಕಿದೆ. ಅಪೀಲ್ ಬಂದಾಗ ನಮ್ಮ ತೀರ್ಪುಗಳ ಗುಣಮಟ್ಟ ಪರೀಕ್ಷಿಸುವ ಕ್ಯೂಎಯವರು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಅಂದು ಮಧ್ಯಾಹ್ನವೆಲ್ಲ ಅಪಘಾತ ಮತ್ತು ಹೊಡೆದಾಟಗಳನ್ನೇ ನೋಡಿದ್ದೆ. ಬಿದ್ದವನು ಎದ್ದದ್ದು ಕಣ್ಣಿಗೆ ಕಂಡರೂ ಲೆಕ್ಕಕ್ಕೆ ಬಂದಿರಲಿಲ್ಲ.

ಮೊದಲು ಯಾವುದನ್ನು ತೆಗೆಯಬೇಕೆಂದು ಹೇಳುವ ಪಾಲಿಸಿಯನ್ನು ಬಾಯಿಪಾಠ ಮಾಡಿದೆ. ಪ್ರಯೋಜನವಾಗಲಿಲ್ಲ, ಏಕೆಂದರೆ ಪಾಲಿಸಿ ನನಗೆ ಮರೆತಿರಲಿಲ್ಲ. ಆಮೇಲೆ ಪ್ರತಿ ತೀರ್ಪನ್ನೂ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಫ್ಲೋರಿನೊಳಗೆ ಕಾಗದ, ಪೆನ್ನು ಒಯ್ಯಬಾರದೆಂಬ ನಿಯಮವನ್ನು ಮರೆತಿದ್ದರಿಂದ ಎರಡನೆಯ ದಿನವೇ ಅದು ಭದ್ರತಾ ಸಿಬ್ಬಂದಿಯ ಕೈ ಸೇರಿತು, ಜೊತೆಗೆ ಒಂದು ಎಚ್ಚರಿಕೆ ಪತ್ರವೂ ಬಂತು. ಪರದೆಯನ್ನು ಕಪ್ಪುಬಿಳುಪು ಮಾಡಿ ನೋಡುವ ಪ್ರಯೋಗವನ್ನೂ ಒಂದು ವಾರ ನಡೆಸಿದೆ. ಮನಸ್ಸಿಗೆ ಹಗುರವಾದದ್ದು ನಿಜ, ಆದರೆ ಹೋರಿಯ ಹಣೆಯ ಮೇಲಿರುವುದು ಕುಂಕುಮವೋ ರಕ್ತವೋ ತಿಳಿಯದೆ ಪ್ರತಿಯೊಂದನ್ನೂ ಬಣ್ಣಕ್ಕೆ ತಂದು ಮತ್ತೊಮ್ಮೆ ನೋಡಬೇಕಾಯಿತು. ಈಗ ಅದನ್ನು ಅಪಘಾತದ ಕ್ಯೂಗೆ ಮಾತ್ರ ಬಳಸುತ್ತೇನೆ.

ಕೊನೆಗೆ ಕೈ ಹಿಡಿದದ್ದು ಕಾರಣವನ್ನು ಮೊದಲು ಬರೆದು ಗುಂಡಿಯನ್ನು ಆಮೇಲೆ ಒತ್ತುವ ಕ್ರಮ. ಟೂಲಿನ ಟಿಪ್ಪಣಿ ಜಾಗದಲ್ಲಿ ಮೂರು ಪ್ರಶ್ನೆಗಳಿಗೆ ಇದೇ ಅನುಕ್ರಮದಲ್ಲಿ ಉತ್ತರ ಬರೆಯುತ್ತೇನೆ: ಯಾರಾದರೂ ಪ್ರಾಣಿಗೆ ಹೊಡೆಯುವುದು, ಚುಚ್ಚುವುದು ಅಥವಾ ಬಾಲ ತಿರುಚುವುದು ಕಾಣುತ್ತದೆಯೇ, ಮನುಷ್ಯನ ಅಥವಾ ಪ್ರಾಣಿಯ ಗಾಯ ಹತ್ತಿರದಿಂದ ಕಾಣುತ್ತದೆಯೇ, ವಿಡಿಯೊದ ಮೇಲಿನ ಬರಹ ನೋವನ್ನು ಕಂಡು ನಗುತ್ತಿದೆಯೇ. ಮೂರಕ್ಕೂ ‘ಇಲ್ಲ’ ಎಂದು ಬರೆದ ಬೆರಳು ‘ತೆಗೆ’ ಗುಂಡಿಯ ಕಡೆಗೆ ಹೋಗಲು ತಾನೇ ನಾಚುತ್ತದೆ. ಗೊಂದಲದವು ಮಾತ್ರ ನಮ್ಮ ತಂಡ ನೋಡಿಕೊಳ್ಳುವ ಲೀಡ್ ಕಂಪ್ಯೂಟರಿನಲ್ಲೇ ತೆರೆದುಕೊಟ್ಟ ಹಾಳೆಗೆ ಹೋಗುತ್ತವೆ. ಅಲ್ಲಿ ಹೆಸರಿಲ್ಲ, ಲಿಂಕ್ ಇಲ್ಲ, ದೃಶ್ಯದ ಒಂದು ಸಾಲು ಮತ್ತು ತೀರ್ಪು ಅಷ್ಟೇ.

ಬಿಡುವಿನ ಮಾತು ಬಂದಾಗಲೇ ಲೀಡ್ ಒಪ್ಪದಿದ್ದದ್ದು. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ತೆಗೆದುಕೊಳ್ಳುವ ಬದಲು 40 ವಿಡಿಯೊಗೊಮ್ಮೆ ಐದಾರು ನಿಮಿಷ ಏಳುತ್ತೇನೆ ಎಂದಾಗ, “ನೀವು ಎದ್ದು ಕೂತು ಮಾಡುವುದರಲ್ಲೇ ಶಿಫ್ಟ್ ಮುಗಿಯುತ್ತದೆ ಮಾರಾಯ್ರೆ” ಎಂದು ನಕ್ಕರು. ಆದರೂ ಒಟ್ಟು ಬಿಡುವಿನ ಸಮಯ ಮೀರದ ಹಾಗೆ ಒಂದು ತಿಂಗಳು ಬಿಟ್ಟುಕೊಟ್ಟರು. ಬಿಡುವಿನಲ್ಲಿ ಲಾಕರಿನಿಂದ ಫೋನ್ ತೆಗೆದು ರೀಲ್ಸ್ ನೋಡಿದ ದಿನ ಏನೂ ಪ್ರಯೋಜನವಾಗಲಿಲ್ಲ, ಅಲ್ಲಿಯೂ ಕಣ್ಣು ಉಳಿಸು, ತೆಗೆ ಎನ್ನುತ್ತಲೇ ಇತ್ತು. ತಾರಸಿಗೆ ಹೋಗಿ ಬರಿದೇ ನಿಂತ ದಿನಗಳಲ್ಲಿ ವ್ಯತ್ಯಾಸ ಕಂಡಿತು. ಎದ್ದು ಬಂದ ಮೇಲಿನ ಮೊದಲ ಎರಡು ವಿಡಿಯೊಗಳಲ್ಲಿ ಅವಸರಪಡಬಾರದೆಂಬುದನ್ನೂ ಪೆಟ್ಟು ತಿಂದೇ ಕಲಿತೆ.

ಅಳೆದದ್ದು ಹೀಗೆ: ಹಿಂದಿನ ವಾರ ನಾನೇ ತೀರ್ಮಾನಿಸಿದ್ದ 20 ವಿಡಿಯೊಗಳನ್ನು ಲೀಡ್ ನನಗೆ ಹೇಳದೆ ಕ್ಯೂಗೆ ಮತ್ತೆ ಸೇರಿಸಿದರು, ಅರ್ಧ ಬೆಳಿಗ್ಗೆ, ಅರ್ಧ ನಾಲ್ಕರ ನಂತರ. ಮೊದಲ ಬಾರಿ ಐದೋ ಆರೋ ತೀರ್ಪುಗಳು ಬದಲಾಗಿದ್ದವು, ಒಂದನ್ನು ಬಿಟ್ಟು ಎಲ್ಲವೂ ಸಂಜೆಯವು. ಎರಡು ತಿಂಗಳ ನಂತರ ಒಂದೇ ಬದಲಾಗಿತ್ತು. ದಿನಕ್ಕೆ ನೋಡಿ ಮುಗಿಸುವ ವಿಡಿಯೊಗಳ ಲೆಕ್ಕ ಮೊದಲ ಹದಿನೈದು ದಿನ 350ರಿಂದ 310ರ ಆಸುಪಾಸಿಗೆ ಇಳಿದು, ಮತ್ತೆ 340ಕ್ಕೆ ಬಂತು. ಇನ್ಸೆಂಟಿವ್ ಅಂದಿನಿಂದ ತಪ್ಪಿಲ್ಲ. ನಕ್ಕ ಲೀಡ್ ಈಗ ಹೊಸಬರಿಗೆ ನನ್ನ ಹಾಳೆಯನ್ನೇ ತೋರಿಸುತ್ತಾರೆ. ಕೊನೆಯ ಒಂದು ಗಂಟೆಗೆ ಯಾವ ಬಗೆಯ ಕೆಲಸ ಉಳಿಯುವಂತೆ ನೋಡಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹಾಗೆ ಮಾಡಿದರೆ ನನಗೆ ಉಳಿಯುವುದಿಲ್ಲ.

ಪಾಲಿಸಿಯ ಒಂದು ಸಾಲು ಬದಲಾದರೂ ಹಾಳೆಯ ಹಳೆಯ ತೀರ್ಪುಗಳನ್ನು ಕೂತು ಹೊಡೆದುಹಾಕಬೇಕು, ಇಲ್ಲದಿದ್ದರೆ ಎಲ್ಲರೂ ಒಂದೇ ಸಮನೆ ತಪ್ಪು ಮಾಡುತ್ತೇವೆ. ಓಡುತ್ತಿದ್ದ ಹೋರಿ ನಿಂತಿದ್ದ ಟ್ರ್ಯಾಕ್ಟರಿಗೆ ತಾನೇ ಗುದ್ದಿ ಬೀಳುವ ವಿಡಿಯೊ ಒಂದಕ್ಕೆ ಈ ಮೂರು ಪ್ರಶ್ನೆಗಳೂ ಸಾಲವು. ನಾವು ಮೂವರು ಮೂರು ತೀರ್ಪು ಕೊಟ್ಟೆವು. ಅದನ್ನು ಮೇಲಿನವರಿಗೆ ಎಸ್ಕಲೇಟ್ ಮಾಡಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.