ಫೀಡ್ ತುಂಬಿಸುವವರು ಯಾರು: ನೀವು ಫಾಲೋ ಮಾಡಿದವರೋ, ನಿಮ್ಮ ಹೆಬ್ಬೆರಳೋ? ಗುರುತಿಸಿ ಸರಿಪಡಿಸುವ ಬಗೆ

ಮೊಣಕಾಲು ನೋವೆಂದು ನಾಲ್ಕು ವ್ಯಾಯಾಮದ ವಿಡಿಯೊ ನೋಡಿದವರಿಗೆ ವಾರ ಕಳೆಯುವುದರೊಳಗೆ ಫೀಡ್ ತುಂಬ ಮೊಣಕಾಲಿನದೇ ಸುದ್ದಿ: ಶಸ್ತ್ರಚಿಕಿತ್ಸೆ, ಎಣ್ಣೆ, ಬೆಲ್ಟು, ಮಾತ್ರೆ. ಬೇಸತ್ತು ಫಾಲೋ ಪಟ್ಟಿ ತೆರೆದು ಹತ್ತಿಪ್ಪತ್ತು ಖಾತೆಗಳನ್ನು ಅನ್‌ಫಾಲೋ ಮಾಡುತ್ತಾರೆ. ಮರುದಿನ ನೋಡಿದರೆ ಮೊಣಕಾಲು ಅಲ್ಲೇ ಇದೆ. ಆ ವಿಡಿಯೊಗಳು ಫಾಲೋ ಪಟ್ಟಿಯಿಂದ ಬಂದದ್ದೇ ಅಲ್ಲ, ಹಾಗಾಗಿ ಪಟ್ಟಿ ತಿದ್ದಿದರೆ ಅವು ಹೋಗುವುದೂ ಇಲ್ಲ. ಫೀಡ್ ಕೆಟ್ಟಿದೆ ಅನ್ನಿಸಿದಾಗ ಮೊದಲು ಕೇಳಬೇಕಾದದ್ದು, ಎದುರಿಗಿರುವುದು ಯಾವ ಬಗೆಯ ಫೀಡ್ ಎಂದು. ಎರಡಕ್ಕೂ ಬೇರೆ ಬೇರೆ ಮದ್ದು.

ವ್ಯತ್ಯಾಸ ಇರುವುದೆಲ್ಲಿ

ಯಾವ ಫೀಡೇ ಆಗಲಿ ಎರಡು ಹಂತಗಳಲ್ಲಿ ತಯಾರಾಗುತ್ತದೆ. ಮೊದಲು ನಿಮಗೆ ತೋರಿಸಬಹುದಾದ ಪೋಸ್ಟ್‌ಗಳನ್ನು ಒಂದೆಡೆ ಕಲೆಹಾಕುವುದು, ಆಮೇಲೆ ಅವುಗಳನ್ನು ಒಂದರ ಕೆಳಗೊಂದು ಜೋಡಿಸುವುದು. ಜೋಡಿಸುವ ಲೆಕ್ಕಾಚಾರವನ್ನು ‘ಆಲ್ಗಾರಿದಂ’ ಎಂದು ಎಲ್ಲರೂ ಬೈಯುತ್ತಾರೆ. ಆದರೆ ಎರಡು ಬಗೆಯ ಫೀಡ್‌ಗಳು ಬೇರೆಯಾಗುವುದು ಅದಕ್ಕೂ ಮೊದಲೇ, ಕಲೆಹಾಕುವ ಹಂತದಲ್ಲಿ.

ಗೆಳೆಯರು ಮತ್ತು ಫಾಲೋ ಆಧರಿಸಿದ ಫೀಡ್‌ನಲ್ಲಿ ಕಲೆಹಾಕಲು ಸಿಗುವುದು ನಿಮ್ಮ ಪಟ್ಟಿಯಲ್ಲಿರುವವರು ಹಾಕಿದ್ದು ಮಾತ್ರ. 2006ರಲ್ಲಿ ಫೇಸ್‌ಬುಕ್ ಶುರು ಮಾಡಿದ ನ್ಯೂಸ್ ಫೀಡ್ ಇಂಥದ್ದು. ಇನ್ನೂರು ಜನರನ್ನು ಫಾಲೋ ಮಾಡಿ, ಅವರಲ್ಲಿ ಮೂವತ್ತು ಮಂದಿ ಇವತ್ತು ಏನಾದರೂ ಹಾಕಿದ್ದರೆ ಇವತ್ತಿನ ಫೀಡ್ ಅಷ್ಟೇ. ಅದಕ್ಕೊಂದು ಕೊನೆ ಇರುತ್ತದೆ. 2018ರಲ್ಲಿ ಇನ್‌ಸ್ಟಾಗ್ರಾಮ್ "You're All Caught Up" ಎಂಬ ಗೆರೆ ತೋರಿಸಲು ಸಾಧ್ಯವಾದದ್ದು ಈ ಕೊನೆ ಇದ್ದುದರಿಂದಲೇ.

ಆಸಕ್ತಿ ಆಧರಿಸಿದ ಫೀಡ್‌ಗೆ ಆ ಬೇಲಿ ಇಲ್ಲ. ಆ ತಾಣದಲ್ಲಿ ಸಾರ್ವಜನಿಕವಾಗಿ ಹಾಕಿದ ಯಾವುದೂ ನಿಮ್ಮ ಮುಂದೆ ಬರಬಹುದು. ನೀವು ಯಾವುದನ್ನು ಕೊನೆತನಕ ನೋಡಿದಿರಿ, ಎಲ್ಲಿ ನಿಂತಿರಿ, ಯಾವುದನ್ನು ಇನ್ನೊಬ್ಬರಿಗೆ ಕಳಿಸಿದಿರಿ ಎಂಬುದರ ಮೇಲೆ ಆಯ್ಕೆ ನಡೆಯುತ್ತದೆ. ಟಿಕ್‌ಟಾಕ್ 2020ರಲ್ಲಿ ತನ್ನ For You ಫೀಡ್ ಬಗ್ಗೆ ಕೊಟ್ಟ ವಿವರಣೆಯಲ್ಲಿ ಇದನ್ನು ಬಿಡಿಸಿ ಹೇಳಿತ್ತು: ಉದ್ದನೆಯ ವಿಡಿಯೊವೊಂದನ್ನು ಕೊನೆತನಕ ನೋಡುವುದು ಬಲವಾದ ಸೂಚನೆ, ನೋಡುವವರೂ ಹಾಕಿದವರೂ ಒಂದೇ ದೇಶದವರು ಎಂಬುದು ದುರ್ಬಲ ಸೂಚನೆ, ಹಾಕಿದವರಿಗೆ ಎಷ್ಟು ಫಾಲೋವರ್‌ಗಳಿದ್ದಾರೆ ಎಂಬುದು ನೇರವಾಗಿ ಲೆಕ್ಕಕ್ಕೇ ಇಲ್ಲ.

ಇವತ್ತು ಹೆಚ್ಚಿನ ಆ್ಯಪ್‌ಗಳಲ್ಲಿ ಎರಡೂ ಬೆರೆತಿವೆ, ಗೊಂದಲಕ್ಕೆ ಕಾರಣವೇ ಇದು. ಮೆಟಾ ಕಂಪನಿಯ ಮೇಲಿನ ಮೊಕದ್ದಮೆಯಲ್ಲಿ 2025ರಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ಬಂದ ಅಂಕಿಅಂಶದಂತೆ, ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯದಲ್ಲಿ ಗೆಳೆಯರ ಪೋಸ್ಟ್‌ಗೆ ಹೋಗುವುದು ಶೇ 17ರಷ್ಟು, ಇನ್‌ಸ್ಟಾಗ್ರಾಮ್‌ನಲ್ಲಿ ಶೇ 7ರಷ್ಟು ಮಾತ್ರ. ‘ಗೆಳೆಯರ ಆ್ಯಪ್’ ಎಂದುಕೊಂಡು ತೆರೆಯುವುದರ ಬಹುಪಾಲು ಈಗ ಬೇರೆಯವರದ್ದು.

ಮೊದಲ ಕೆಲಸ: 20 ಪೋಸ್ಟ್‌ಗಳ ಪರೀಕ್ಷೆ

ಆ್ಯಪ್ ತೆರೆದು, ಏನನ್ನೂ ಒತ್ತದೆ ಮೇಲಿನ 20 ಪೋಸ್ಟ್‌ಗಳನ್ನು ನೋಡುತ್ತಾ ಹೋಗಿ. ಪ್ರತಿಯೊಂದರಲ್ಲೂ ಎರಡನ್ನು ಗಮನಿಸಿದರೆ ಸಾಕು. ಹೆಸರಿನ ಪಕ್ಕ Follow ಬಟನ್ ಅಥವಾ Suggested for you ಎಂಬ ಬರಹ ಇದೆಯೇ? ಇದ್ದರೆ ಅದು ನಿಮ್ಮ ಪಟ್ಟಿಯ ಹೊರಗಿನದು. ಪೋಸ್ಟ್ ಹಾಕಿದ ಸಮಯ ಹೇಗಿದೆ? 5 ನಿಮಿಷ, 40 ನಿಮಿಷ, 2 ಗಂಟೆ ಎಂದು ಕ್ರಮವಾಗಿ ಹಳೆಯದಾಗುತ್ತಾ ಹೋದರೆ ಅದು ಸಮಯದ ಕ್ರಮದ ಫೀಡ್. 2 ಗಂಟೆ, 4 ದಿನ, 20 ನಿಮಿಷ ಎಂದು ಹಿಂದೆ ಮುಂದೆ ಜಿಗಿದರೆ ಯಾವುದೋ ಅಂಕ ಕೊಟ್ಟು ಜೋಡಿಸಿದ್ದು.

ಇಲ್ಲಿ ಎಡವುವುದು ಸುಲಭ. ಸಮಯ ಜಿಗಿದ ಮಾತ್ರಕ್ಕೆ ಅದು ಆಸಕ್ತಿಯ ಫೀಡ್ ಆಗುವುದಿಲ್ಲ. ಇಪ್ಪತ್ತೂ ನೀವು ಫಾಲೋ ಮಾಡಿದವರದ್ದೇ ಆಗಿದ್ದು ಸಮಯ ಮಾತ್ರ ಅದಲುಬದಲಾಗಿದ್ದರೆ, ಅದು ಅಂಕದ ಲೆಕ್ಕದಲ್ಲಿ ಜೋಡಿಸಿದ ಗೆಳೆಯರ ಫೀಡ್. Follow ಬಟನ್ ಇರುವ ಪೋಸ್ಟ್‌ಗಳನ್ನು ಎಣಿಸಿ, ಅದೇ ನಂಬುವಂಥ ಗುರುತು. ಜಾಹೀರಾತುಗಳನ್ನು ಎಣಿಕೆಯಿಂದ ಬಿಡಿ, ಅವುಗಳ ದಾರಿ ಬೇರೆಯೇ.

ಅಂಕ ಬೀಳುವುದು ಹೇಗೆ: ಒಂದು ಲೆಕ್ಕ

ಟ್ವಿಟರ್ ತನ್ನ ಶಿಫಾರಸು ವ್ಯವಸ್ಥೆಯ ಒಂದಷ್ಟು ಭಾಗವನ್ನು 2023ರಲ್ಲಿ ಬಹಿರಂಗಪಡಿಸಿತು. For You ಟ್ಯಾಬ್‌ಗೆ ಪ್ರತಿ ಸಲವೂ ಸುಮಾರು 1,500 ಪೋಸ್ಟ್ ಕಲೆಹಾಕಲಾಗುತ್ತದೆ, ಸರಾಸರಿ ಅರ್ಧ ಫಾಲೋ ಪಟ್ಟಿಯಿಂದ, ಇನ್ನರ್ಧ ಹೊರಗಿನಿಂದ ಎಂದು ಅದರಲ್ಲಿತ್ತು. ಜೋಡಿಸುವಾಗ ಕೊಡುವ ತೂಕವನ್ನೂ ಪ್ರಕಟಿಸಲಾಗಿತ್ತು: ಲೈಕ್‌ಗೆ 0.5, ಉತ್ತರ ಬರೆದರೆ 13.5, ‘ಇದು ಬೇಡ’ ಎಂಬಂಥ ಪ್ರತಿಕ್ರಿಯೆಗೆ ಮೈನಸ್ 74. ನೀವು ಹಾಗೆ ಮಾಡುವ ಸಂಭವ ಎಷ್ಟು ಎಂದು ಯಂತ್ರ ಅಂದಾಜಿಸಿ, ಅದನ್ನು ಈ ತೂಕದಿಂದ ಗುಣಿಸಿ ಕೂಡುತ್ತದೆ. ಆ ತೂಕಗಳು ಅಂದಿನವು. ಆದರೂ ಲೆಕ್ಕದ ಬಗೆ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇನ್ನೀಗ ಊಹೆಯ ಎರಡು ಪೋಸ್ಟ್ ತೆಗೆದುಕೊಳ್ಳಿ. ಒಂದು, ಗೆಳತಿ ಹಾಕಿದ ಮಗುವಿನ ಫೋಟೊ. ನೀವು ಲೈಕ್ ಮಾಡುವ ಸಂಭವ ಶೇ 20, ಉತ್ತರಿಸುವ ಸಂಭವ ಶೇ 1. ಲೈಕ್‌ನಿಂದ 0.10, ಉತ್ತರದಿಂದ 0.135, ಒಟ್ಟು 0.235. ಇನ್ನೊಂದು, ಅಪರಿಚಿತರು ಹಾಕಿದ ಜಗಳಗಂಟಿ ಪೋಸ್ಟ್. ಲೈಕ್ ಮಾಡುವ ಸಂಭವ ಬರೀ ಶೇ 4, ಆದರೆ ತಿರುಗಿ ಬರೆಯುವ ಸಂಭವ ಶೇ 5. ಲೈಕ್‌ನಿಂದ 0.02, ಉತ್ತರದಿಂದ 0.675, ಒಟ್ಟು 0.695. ಮೆಚ್ಚಿದ ಫೋಟೊ ಕೆಳಗೆ, ಸಿಟ್ಟು ತರಿಸಿದ ಪೋಸ್ಟ್ ಮೇಲೆ. ನೀವು ಬೈದು ಬರೆದದ್ದೂ ಉತ್ತರವೇ.

ಇನ್ನು ‘ಬೇಡ’ ಎಂಬುದರ ಬಲ ನೋಡಿ. ಆ ಅಪರಿಚಿತರ ಪೋಸ್ಟ್‌ಗೆ ನೀವು ಬೇಡವೆನ್ನುವ ಸಂಭವ ಶೇ 0.5 ಎಂದು ಯಂತ್ರ ಅಂದಾಜಿಸಿದರೆ 0.37 ಕಳೆದು 0.325 ಉಳಿಯುತ್ತದೆ, ಇನ್ನೂ ಗೆಳತಿಯ ಫೋಟೊಗಿಂತ ಮೇಲೆಯೇ. ಅದೇ ಅಂದಾಜು ಶೇ 1ಕ್ಕೆ ಏರಿದರೆ 0.74 ಕಳೆದುಹೋಗಿ ಅಂಕ ಸೊನ್ನೆಗಿಂತ ಕೆಳಗಿಳಿಯುತ್ತದೆ. ಹಾಗಾಗಿ ಇಷ್ಟವಿಲ್ಲದ್ದರ ಕೆಳಗೆ ವಾದಕ್ಕಿಳಿಯುವ ಬದಲು ಮೂರು ಚುಕ್ಕಿ ಒತ್ತಿ Not interested ಆಯ್ದುಕೊಳ್ಳುವುದೇ ಸರಿಯಾದ ದಾರಿ.

ಮೊಣಕಾಲಿನ ಫೀಡ್ ತೊಳೆಯುವ ಕ್ರಮ

ಆಸಕ್ತಿಯ ಫೀಡ್ ಸರಿಪಡಿಸಲು ಮೂಲಕ್ಕೆ ಕೈ ಹಾಕಬೇಕು, ಅಂದರೆ ನೋಡಿದ ಚರಿತ್ರೆಗೆ. ಯೂಟ್ಯೂಬ್‌ನಲ್ಲಿ History ತೆರೆದು ಮೊದಲ ಮೊಣಕಾಲು ವಿಡಿಯೊ ನೋಡಿದ ದಿನದವರೆಗೆ ಹಿಂದೆ ಹೋಗಿ, ಆ ವಿಷಯದ ಒಂದೊಂದನ್ನೂ ಅಳಿಸಿ. ಅದೇ ವಿಷಯದ ಹುಡುಕಾಟಗಳನ್ನೂ ಅಳಿಸಿ. ಇದನ್ನು ಮರೆಯುವವರೇ ಹೆಚ್ಚು. ಆಮೇಲೆ ಫೀಡ್‌ಗೆ ಬಂದು, ಮತ್ತೆ ಮತ್ತೆ ಕಾಣುವ ಚಾನೆಲ್‌ಗಳಿಗೆ Don't recommend channel ಕೊಡಿ.

ಬಟನ್‌ಗಳ ಮೇಲೆ ಪೂರ್ತಿ ಭರವಸೆ ಬೇಡ. ಮೊಜಿಲ್ಲಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ Don't recommend channel ತಡೆದದ್ದು ಬೇಡದ ಶಿಫಾರಸುಗಳಲ್ಲಿ ಶೇ 43ರಷ್ಟನ್ನು. ಚರಿತ್ರೆಯಿಂದ ಅಳಿಸುವುದು ಶೇ 29ರಷ್ಟು, Dislike ಶೇ 12, Not interested ಶೇ 11ರಷ್ಟು ತಡೆದವು. ಅದಕ್ಕೇ ಒಮ್ಮೆ ಒತ್ತಿ ಸುಮ್ಮನಾಗದೆ ಒಂದೆರಡು ವಾರ ಬಿಡದೆ ಮಾಡಬೇಕು. ಜೊತೆಗೆ, ಮೊಣಕಾಲು ವಿಡಿಯೊ ಬಂದ ಕೂಡಲೇ ಮೇಲಕ್ಕೆ ಸರಿಸಿಬಿಡಿ. ‘ಏನು ಮಾರುತ್ತಿದ್ದಾರೆ ನೋಡೋಣ’ ಎಂದು ನಿಂತ ಹತ್ತು ಸೆಕೆಂಡೂ ಆಸಕ್ತಿ ಎಂದೇ ದಾಖಲಾಗಬಹುದು. ಮನೆಯವರಿಗೆ ‘ನೋಡಿ, ಎಂಥದ್ದೆಲ್ಲಾ ಬರುತ್ತೆ’ ಎಂದು ಫಾರ್ವರ್ಡ್ ಮಾಡುವುದಂತೂ ಬೇಡವೇ ಬೇಡ.

ತೆಗೆದ ಜಾಗಕ್ಕೆ ಬೇರೇನಾದರೂ ತುಂಬಬೇಕು, ಇಲ್ಲವಾದರೆ ಯಂತ್ರದ ಕೈಯಲ್ಲಿ ನಿಮ್ಮ ಬಗ್ಗೆ ಇರುವ ಗಟ್ಟಿ ಸುಳಿವು ಮೊಣಕಾಲೇ ಆಗಿ ಉಳಿಯುತ್ತದೆ. ನಿಜವಾಗಿ ಇಷ್ಟವಿರುವ ಒಂದು ವಿಷಯ ಹುಡುಕಿ, ನಾಲ್ಕೈದು ವಿಡಿಯೊಗಳನ್ನು ಪೂರ್ತಿ ನೋಡಿ. ಇಷ್ಟಾದರೂ ಸರಿಹೋಗದಿದ್ದರೆ ಟಿಕ್‌ಟಾಕ್‌ನಲ್ಲಿ ಫೀಡ್ ಹೊಸದಾಗಿಸುವ, ಇನ್‌ಸ್ಟಾಗ್ರಾಮ್‌ನಲ್ಲಿ ಶಿಫಾರಸುಗಳನ್ನು ರೀಸೆಟ್ ಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ರೀಸೆಟ್ ಆದ ಮೊದಲ ಕೆಲವು ದಿನ ಎಚ್ಚರವಿರಲಿ, ಆಗ ನೋಡಿದ ಒಂದೊಂದಕ್ಕೂ ಹೆಚ್ಚು ತೂಕ ಬೀಳುತ್ತದೆ. ಫೋನ್ ಮಕ್ಕಳ ಕೈಗೆ ಹೋಗುವ ಮನೆಯಲ್ಲಿ ಎಷ್ಟು ರೀಸೆಟ್ ಮಾಡಿದರೂ ಅಷ್ಟೇ. ಅವರಿಗೆ ಬೇರೆ ಖಾತೆ ಮಾಡಿಕೊಡಬೇಕು.

ಗೆಳೆಯರ ಪೋಸ್ಟ್ ಕಾಣುತ್ತಿಲ್ಲ ಎಂದಾದರೆ

ಇದು ತಿರುವುಮುರುವಿನ ತೊಂದರೆ. ತಂಗಿಯ ಮನೆ ಗೃಹಪ್ರವೇಶದ ಫೋಟೊ ಎರಡು ವಾರದ ಮೇಲೆ ಕಣ್ಣಿಗೆ ಬಿದ್ದರೆ, ಬೆರಕೆ ಫೀಡ್‌ನಲ್ಲಿ ಅದು ಅಪರಿಚಿತರ ಪೋಸ್ಟ್‌ಗಳ ಎದುರು ಅಂಕದಲ್ಲಿ ಸೋತಿದೆ ಎಂದರ್ಥ. ಅವಳ ಹಳೆಯ ಫೋಟೊಗಳನ್ನೆಲ್ಲ ಲೈಕ್ ಮಾಡುತ್ತಾ ಕೂರುವುದಕ್ಕಿಂತ ಫೀಡ್ ಬದಲಿಸುವುದು ಸುಲಭ. ಇನ್‌ಸ್ಟಾಗ್ರಾಮ್‌ನಲ್ಲಿ 2022ರಿಂದ Following ಮತ್ತು Favorites ಎಂಬ ಎರಡು ನೋಟಗಳಿವೆ, ಎರಡೂ ಸಮಯದ ಕ್ರಮದವು. Favoritesಗೆ 50 ಖಾತೆಗಳವರೆಗೆ ಸೇರಿಸಬಹುದು. ಫಾಲೋ ಪಟ್ಟಿಯವರದ್ದನ್ನಷ್ಟೇ ನೋಡಲು ಫೇಸ್‌ಬುಕ್‌ನಲ್ಲಿ Feeds ಟ್ಯಾಬ್, ಎಕ್ಸ್‌ನಲ್ಲಿ Following, ಯೂಟ್ಯೂಬ್‌ನಲ್ಲಿ Subscriptions. ಆ್ಯಪ್ ಮುಚ್ಚಿ ತೆರೆದರೆ ಎಷ್ಟೋ ಸಲ ಬೆರಕೆ ಫೀಡೇ ಮತ್ತೆ ಎದುರಾಗುತ್ತದೆ, ಪ್ರತಿ ಸಲ ಬದಲಿಸಿಕೊಳ್ಳಬೇಕು.

ಈ ಫೀಡ್ ಕೆಡುವ ರೀತಿಯೂ ಬೇರೆ. ದಿನಕ್ಕೆ ನಲವತ್ತು ಪೋಸ್ಟ್ ಹಾಕುವ ಒಬ್ಬರಿದ್ದರೆ ಸಮಯದ ಕ್ರಮದಲ್ಲಿ ಉಳಿದವರೆಲ್ಲ ಅವರ ಅಡಿಯಲ್ಲಿ ಮುಳುಗುತ್ತಾರೆ. ಇದಕ್ಕೆ ಮದ್ದು Mute. ಫಾಲೋ ಹಾಗೇ ಇರುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ಆರಂಭದಲ್ಲಿ ಫಲ ಕೊಡದ ಅನ್‌ಫಾಲೋ ಕೂಡ ಇಲ್ಲಿ ಒತ್ತಿದ ಕ್ಷಣದಿಂದಲೇ ಕೆಲಸ ಮಾಡುತ್ತದೆ.

ಎರಡರ ಬೇರುಗಳು ಎಲ್ಲಿವೆ ಎಂದು ಕಣ್ಣಾರೆ ನೋಡಬೇಕಿದ್ದರೆ ಯೂಟ್ಯೂಬ್‌ನಲ್ಲಿ ಚರಿತ್ರೆಯನ್ನು ಪೂರ್ತಿ ಅಳಿಸಿ, ದಾಖಲಾಗುವುದನ್ನೂ ನಿಲ್ಲಿಸಿ. ಅಳಿಸಿದ್ದು ಮರಳಿ ಬರುವುದಿಲ್ಲ ಎಂಬುದು ನೆನಪಿರಲಿ. 2023ರಿಂದ ಹೀಗೆ ಮಾಡಿದವರಿಗೆ ಮುಖಪುಟದಲ್ಲಿ ಶಿಫಾರಸುಗಳೇ ಇರುವುದಿಲ್ಲ, ಬಹುತೇಕ ಖಾಲಿ ಪರದೆ. Subscriptions ಟ್ಯಾಬ್ ಮಾತ್ರ ಎಂದಿನಂತೆ ಹೊಸ ವಿಡಿಯೊಗಳನ್ನು ತೋರಿಸುತ್ತಲೇ ಇರುತ್ತದೆ.